ಶಂಖದ ಬಾಯಿಗೆ ನಾಲ್ಕು ಮೊಳ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಹೊರತಂದರು. ಇತ್ತೀಚೆಗೆ ಗ್ರಂಥಾಲಯದಲ್ಲಿ ಅದರ ಪ್ರತಿ ಕೈಗೆ ಸಿಕ್ಕಿತು. ನೋಡಬೇಕೆಂದಿದ್ದದ್ದು ಬೇರೇನನ್ನೋ, ಕಣ್ಣು ನಿಂತದ್ದು ಕ್ಷೇತ್ರಗಣಿತದ ಭಾಗದಲ್ಲಿ, ಶಂಖದ ಆಕಾರದ ಲೆಕ್ಕಕ್ಕೆ ಕೊಟ್ಟ ಒಂದು ಅಡಿಟಿಪ್ಪಣಿಯ ಮೇಲೆ. ಶ್ಲೋಕದಿಂದ ಆಕೃತಿ ಹೇಗಿತ್ತೆಂದು ಸ್ಪಷ್ಟವಾಗುವುದಿಲ್ಲ, ಆದರೆ ಅಲ್ಲಿ ಹೇಳಿರುವ ಸುತ್ತಳತೆ ಮತ್ತು ವಿಸ್ತೀರ್ಣ ಹೊಂದಬೇಕಾದರೆ ಅದು ಎರಡು ಅಸಮಾನ ಅರ್ಧವೃತ್ತಗಳ ಜೋಡಣೆ ಆಗಿರಬಹುದು ಎಂಬುದು ಅದರ ಸಾರಾಂಶ. ನಾವೆಲ್ಲ ಚಿತ್ರ ನೋಡಿ ಉತ್ತರ ಹುಡುಕುತ್ತೇವೆ. ಇಲ್ಲಿ ಉತ್ತರ ನೋಡಿ ಚಿತ್ರ ಬರೆದಿದ್ದಾರೆ!

ಮಹಾವೀರನ ಪರಿಚಯ ಕನ್ನಡಿಗರಿಗೆ ಹೆಚ್ಚು ಬೇಕಿಲ್ಲ. ಒಂಬತ್ತನೆಯ ಶತಮಾನದವನು, ಜೈನ, ಗ್ರಂಥದ ಆರಂಭದಲ್ಲೇ ನೃಪತುಂಗನನ್ನು ಹೊಗಳಿದವನು. ತ್ರಿಕೋನ, ಚತುರ್ಭುಜಗಳಿಗೆ ನಿಲ್ಲದೆ ಜವೆಕಾಳು, ಮೃದಂಗ, ವಜ್ರಗಳ ಆಕಾರಕ್ಕೂ ಅವನು ಸೂತ್ರ ಕೊಟ್ಟಿದ್ದಾನೆ. ನನಗೆ ಅವುಗಳಲ್ಲಿ ಶಂಖವೇ ಇಷ್ಟ, ಹಾಗಾಗಿ ಉಳಿದವನ್ನು ಬಿಡುತ್ತೇನೆ.

ಆ ಚಿತ್ರವನ್ನು ನೀವೂ ಬರೆದುಕೊಳ್ಳಿ. ಒಂದು ಅಡ್ಡಗೆರೆ ಎಳೆಯಿರಿ, ಅದು 18 ಮೊಳ ಎಂದಿಟ್ಟುಕೊಳ್ಳೋಣ. ಅದರ ಮೇಲೆ 18 ಮೊಳ ವ್ಯಾಸದ ಅರ್ಧವೃತ್ತ ಬರಲಿ. ಗೆರೆಯ ಕೆಳಗೆ, ಎಡತುದಿಯಿಂದಲೇ ಶುರುಮಾಡಿ, 14 ಮೊಳ ವ್ಯಾಸದ ಚಿಕ್ಕ ಅರ್ಧವೃತ್ತ. ಬಲಗಡೆ ಗೆರೆಯಲ್ಲಿ 4 ಮೊಳ ಕೆಳಗೆ ಜೊತೆಯಿಲ್ಲದೆ ಉಳಿಯುತ್ತದೆ. ಅದೇ ಶಂಖದ ಬಾಯಿ.

ವಿಸ್ತೀರ್ಣ ಸುಲಭ. ಮಹಾವೀರನ ಸ್ಥೂಲ ಲೆಕ್ಕದಲ್ಲಿ ಪರಿಧಿ ಎಂದರೆ ವ್ಯಾಸದ ಮೂರು ಪಟ್ಟು, ಆದ್ದರಿಂದ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದ ಮುಕ್ಕಾಲು ಪಾಲು. 18ರ ವರ್ಗ 324, ಅದರ ಮುಕ್ಕಾಲು 243, ಅರ್ಧವೃತ್ತಕ್ಕೆ 121.5. ಚಿಕ್ಕದಕ್ಕೆ ಹೀಗೆಯೇ 73.5. ಕೂಡಿದರೆ 195 ಚದರ ಮೊಳ.

ಎಡವುವುದು ಸುತ್ತಳತೆಯಲ್ಲಿ. ವಿಸ್ತೀರ್ಣವನ್ನು ಕೂಡಿದ ಹಾಗೆಯೇ ಮಕ್ಕಳು ಸುತ್ತಳತೆಯನ್ನೂ ಕೂಡಿಬಿಡುತ್ತಾರೆ. ದೊಡ್ಡ ಅರ್ಧವೃತ್ತಕ್ಕೆ ಬಾಗು 27, ನೇರಗೆರೆ 18. ಚಿಕ್ಕದಕ್ಕೆ 21 ಮತ್ತು 14. ಒಟ್ಟು 80. ಆದರೆ ಎರಡೂ ಅಂಟಿಕೊಂಡ 14 ಮೊಳದ ಗೆರೆ ಆಕೃತಿಯ ಹೊಟ್ಟೆಯೊಳಗಿದೆ, ಅಂಚಿನಲ್ಲಿಲ್ಲ. ಅದು ಈ ಮೊತ್ತದಲ್ಲಿ ಎರಡು ಸಲ ಸೇರಿಕೊಂಡಿದೆ, ಹಾಗಾಗಿ ಎರಡು ಸಲ ಕಳೆಯಬೇಕು. 80ರಲ್ಲಿ 28 ಹೋದರೆ 52. ಭಾಗ ಮಾಡಲು ಎಳೆದ ಗೆರೆ ಯಾವಾಗಲೂ ಹೀಗೆಯೇ. ವಿಸ್ತೀರ್ಣಕ್ಕೆ ಅದರಿಂದ ಏನೂ ಆಗುವುದಿಲ್ಲ, ಸುತ್ತಳತೆಯಲ್ಲಿ ಅದರ ಎರಡರಷ್ಟು ಹೆಚ್ಚಾಗಿ ಕೂತುಬಿಡುತ್ತದೆ.

ಇನ್ನು ಮಹಾವೀರನ ಸೂತ್ರ. ಅಗಲದಲ್ಲಿ ಬಾಯಿಯ ಅರ್ಧ ಕಳೆದು ಮೂರರಿಂದ ಗುಣಿಸಿದರೆ ಸುತ್ತಳತೆ: 18ರಲ್ಲಿ 2 ಹೋದರೆ 16, ಮೂರರಿಂದ ಗುಣಿಸಿದರೆ 48. ಸುತ್ತಳತೆಯ ಅರ್ಧದ ವರ್ಗದ ಮೂರನೆಯ ಒಂದು ಪಾಲಿಗೆ, ಅರ್ಧ ಬಾಯಿಯ ವರ್ಗದ ಮುಕ್ಕಾಲು ಸೇರಿಸಿದರೆ ವಿಸ್ತೀರ್ಣ: 192ಕ್ಕೆ 3 ಸೇರಿ 195. ವಿಸ್ತೀರ್ಣ ನಮ್ಮದಕ್ಕೆ ತಾಳೆಯಾಯಿತು. ಸುತ್ತಳತೆ ನಾಲ್ಕು ಮೊಳ ಕಡಿಮೆ. ಬಾಯಿಯನ್ನು ಅವನು ಅಳೆದೇ ಇಲ್ಲ, ಬಾಗುಗಳನ್ನಷ್ಟೇ ಹಿಡಿದಿದ್ದಾನೆ.

ಬಿಡಲಿ ಬಿಡಿ, ಶಂಖದ ಬಾಯಿ ತೆರೆದಿರುವುದು ತಾನೆ ಎಂದು ನನಗೂ ಮೊದಲು ಅನ್ನಿಸಿತು. ಆದರೆ ಅವನದೇ ಸೂತ್ರವನ್ನು ಇನ್ನೊಮ್ಮೆ ನೋಡಿ. 192 ಎಂದರೆ 16 ಮೊಳ ವ್ಯಾಸದ ಪೂರ್ಣ ವೃತ್ತದ ವಿಸ್ತೀರ್ಣ. ಉಳಿದ 3, ಎರಡು ಮೊಳ ವ್ಯಾಸದ ಪುಟ್ಟ ವೃತ್ತದ್ದು. ಆ 16 ಮೊಳದ ವೃತ್ತದ ಪರಿಧಿಯೂ 48ಏ! ಅಂದರೆ ಒಂದೇ ಸುತ್ತಳತೆ ಇಟ್ಟುಕೊಂಡು ಶಂಖವು ವೃತ್ತಕ್ಕಿಂತ ಮೂರು ಚದರ ಮೊಳ ಹೆಚ್ಚು ಜಾಗ ಹಿಡಿದ ಹಾಗಾಯಿತು. ಇದು ಸಾಧ್ಯವಿಲ್ಲ. ಅಷ್ಟೇ ಉದ್ದದ ಬೇಲಿಯಲ್ಲಿ ಅತಿ ಹೆಚ್ಚು ಜಾಗ ಸುತ್ತುವ ಆಕಾರ ವೃತ್ತವೇ, ಅದನ್ನು ಮೀರಿಸುವ ಆಕೃತಿ ಇಲ್ಲ. ಬೇಲಿ ಎಲ್ಲೋ ಬಿಟ್ಟುಹೋಗಿದೆ ಎಂಬುದಕ್ಕೆ ಇದೇ ಸಾಕ್ಷಿ. ಬಾಯಿಯ 4 ಸೇರಿಸಿ 52 ಮಾಡಿದರೆ ತಕರಾರಿಲ್ಲ. ಪರಿಧಿ 52 ಇರುವ ವೃತ್ತ ಇದೇ ಲೆಕ್ಕದಲ್ಲಿ ಸುಮಾರು 225 ಚದರ ಮೊಳ ಹಿಡಿಯುತ್ತದೆ, ಶಂಖದ 195 ಅದಕ್ಕಿಂತ ಕಡಿಮೆಯೇ.

ಯಾವ ಜೋಡಣೆಯ ಆಕೃತಿಗೂ ಈ ಪರೀಕ್ಷೆ ಒಗ್ಗುತ್ತದೆ. ಸುತ್ತಳತೆಯ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿ, ಪೈ 3.14 ಹಿಡಿದಿದ್ದರೆ ಉತ್ತರ 12.56ಕ್ಕಿಂತ ಕೆಳಗೆ ಬರಬಾರದು. ಬಂದರೆ ಯಾವುದೋ ಅಂಚು ತಪ್ಪಿದೆ ಅಥವಾ ವಿಸ್ತೀರ್ಣದಲ್ಲಿ ಏನೋ ಎರಡು ಸಲ ಸೇರಿದೆ. ಕೆಳಗೆ ಬರದಿದ್ದರೆ ಉತ್ತರ ಸರಿ ಎಂದೇನೂ ಅಲ್ಲ. ಮಕ್ಕಳ ಆ 80 ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಬಾಗುಗಳನ್ನಷ್ಟೇ ಕೇಳಿದರೆ ಮಹಾವೀರನ 48 ಸರಿ. ಚಿತ್ರ ಮುದ್ರಿಸಿ ‘ಸುತ್ತಳತೆ ಎಷ್ಟು’ ಎಂದು ಕೇಳಿದರೆ ನಾನು 52ಕ್ಕೇ ಅಂಕ ಕೊಡುತ್ತೇನೆ. ಪೈ 3.14 ಎಂದು ಹಿಡಿದರೆ ಅದು 54.24 ಮೊಳ, ವಿಸ್ತೀರ್ಣ 204.1 ಚದರ ಮೊಳ.