ಕೆಲಸ ಬಿಟ್ಟ ಮರುದಿನ

“ಅಂಕಲ್, ನಾನೇ ಸೈನ್ ಮಾಡಿದೀನಲ್ಲ. ಹಾಗಾದ್ರೆ ಇನ್ನೊಂದು ವರ್ಷ ಮನೇಲೇ ಕೂತ್ಕೋಬೇಕಾ?”

ನಮ್ಮ ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಈ ಪ್ರಶ್ನೆ ಹೊತ್ತು ಬಂದಳು. ಆಸ್ಪತ್ರೆಗಳಿಗೆ ಲ್ಯಾಬ್ ಉಪಕರಣ ಮಾರುವ ಕಂಪನಿಯೊಂದರ ಸೇಲ್ಸ್ ವಿಭಾಗದಲ್ಲಿ ನಾಲ್ಕು ವರ್ಷ ದುಡಿದವಳು. ರಾಜೀನಾಮೆ ಕೊಟ್ಟು, ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿ, ರಿಲೀವಿಂಗ್ ಲೆಟರ್ ಪಡೆದು, ಅದೇ ಬಗೆಯ ವ್ಯಾಪಾರ ಮಾಡುವ ಇನ್ನೊಂದು ಕಂಪನಿ ಸೇರಿದ್ದಳು. ಎರಡೇ ವಾರಕ್ಕೆ ಹಳೆಯ ಕಂಪನಿಯ ವಕೀಲರಿಂದ ನೋಟಿಸ್ ಬಂದಿತ್ತು. ಅವಳ ನೇಮಕಾತಿ ಪತ್ರದ 14ನೇ ಷರತ್ತಿನ ಪ್ರಕಾರ, ಕೆಲಸ ಬಿಟ್ಟ ಮೇಲೆ ಹನ್ನೆರಡು ತಿಂಗಳು ಯಾವ ಪ್ರತಿಸ್ಪರ್ಧಿ ಸಂಸ್ಥೆಯಲ್ಲೂ ಅವಳು ಕೆಲಸ ಮಾಡುವಂತಿಲ್ಲ; ಕೂಡಲೇ ಹೊಸ ಕೆಲಸ ಬಿಡದಿದ್ದರೆ ತಡೆಯಾಜ್ಞೆ ತರುತ್ತೇವೆ ಎಂದು ಅದರಲ್ಲಿ ಬರೆದಿತ್ತು.

ವಕೀಲನಾಗಿ ಇಂಥ ನೋಟಿಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವಳ ಪ್ರಶ್ನೆಗೆ ನೇರ ಉತ್ತರ, ಕೂರಬೇಕಾಗಿಲ್ಲ ಎಂಬುದು. ಸಹಿ ಮಾಡಿದ ಮಾತಿಗೆ ಬೆಲೆ ಇಲ್ಲವೇ ಎಂದು ಕೇಳಿದರೆ, ಬೆಲೆ ಇದೆ. ಆದರೆ ಕೆಲವು ಮಾತುಗಳನ್ನು ಇಬ್ಬರೂ ಒಪ್ಪಿ ಬರೆದುಕೊಂಡರೂ ನ್ಯಾಯಾಲಯ ಕೈಗೆತ್ತಿಕೊಳ್ಳುವುದಿಲ್ಲ. ದುಡಿದು ತಿನ್ನುವ ಹಕ್ಕನ್ನು ಬರೆದುಕೊಡುವುದು ಅಂಥ ಮಾತುಗಳಲ್ಲೊಂದು.

ಇದನ್ನು ಹೇಳುವುದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ. ಯಾವುದೇ ಕಾನೂನುಬದ್ಧ ವೃತ್ತಿ, ಕಸುಬು ಅಥವಾ ವ್ಯಾಪಾರ ಮಾಡದಂತೆ ಒಬ್ಬರನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಎಂಬುದು ಅದರ ಸಾರ. ‘ಅಷ್ಟರ ಮಟ್ಟಿಗೆ’ ಎಂಬ ಪದವನ್ನು ನೆನಪಿಟ್ಟುಕೊಳ್ಳಿ. ಬಿದ್ದುಹೋಗುವುದು ತಡೆಯುವ ಷರತ್ತು ಮಾತ್ರ. ನೇಮಕಾತಿ ಪತ್ರದ ಉಳಿದ ಷರತ್ತುಗಳು ನಿಂತೇ ಇರುತ್ತವೆ.

ಈ ಕಲಂ ಎಷ್ಟು ಕಟ್ಟುನಿಟ್ಟು ಎಂಬುದು ಜಾರಿಗೆ ಬಂದ ಸ್ವಲ್ಪ ಕಾಲದಲ್ಲೇ ಗೊತ್ತಾಯಿತು. ಕಲ್ಕತ್ತೆಯ ಒಂದೇ ಭಾಗದಲ್ಲಿ ಇಬ್ಬರು ಕಂಚುಗಾರರು ಅಂಗಡಿ ಇಟ್ಟಿದ್ದರು. ಒಬ್ಬನ ಪೈಪೋಟಿಯಿಂದ ಇನ್ನೊಬ್ಬನಿಗೆ ನಷ್ಟ. ನೀನು ಇಲ್ಲಿನ ಅಂಗಡಿ ಮುಚ್ಚಿದರೆ, ನಿನ್ನ ಕೆಲಸಗಾರರಿಗೆ ಕೊಟ್ಟಿರುವ ಮುಂಗಡ 900 ರೂಪಾಯಿಯನ್ನು ನಾನು ತುಂಬಿಕೊಡುತ್ತೇನೆ ಎಂದು ಅವನು ಒಪ್ಪಿಕೊಂಡ. ಮೊದಲನೆಯವನು ಅಂಗಡಿ ಮುಚ್ಚಿದ. ಎರಡನೆಯವನು ಹಣ ಕೊಡಲಿಲ್ಲ. 1874ರಲ್ಲಿ ಕಲ್ಕತ್ತಾ ಹೈಕೋರ್ಟು ಕರಾರೇ ಶೂನ್ಯ ಎಂದಿತು. ತಡೆ ಊರಿನ ಒಂದು ಭಾಗಕ್ಕೆ ಮಾತ್ರ ಸೀಮಿತವಾಗಿತ್ತಲ್ಲ ಎಂಬ ವಾದ ನಡೆಯಲಿಲ್ಲ. ಮುಂದಿನ 28ನೇ ಕಲಮಿನಲ್ಲಿ ‘ಸಂಪೂರ್ಣವಾಗಿ’ ತಡೆದರೆ ಎಂಬ ಪದವಿದೆ, 27ರಲ್ಲಿ ಅದಿಲ್ಲ. ಹಾಗಾಗಿ ಅರೆಬರೆ ತಡೆಯೂ ತಡೆಯೇ ಎಂದು ನ್ಯಾಯಾಲಯ ಓದಿತು. ಅಂಗಡಿ ಮುಚ್ಚಿದವನ ಮಟ್ಟಿಗೆ ಇದು ಕಹಿ ತೀರ್ಪು. ಆದರೆ ಪೈಪೋಟಿಯನ್ನು ದುಡ್ಡು ಕೊಟ್ಟು ಮುಚ್ಚಿಸುವ ಕರಾರಿಗೆ ಕಾನೂನಿನ ಬಲ ಸಿಗುವುದಿಲ್ಲ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ನ್ಯಾಯಾಧೀಶರು ತಡೆಯ ಅವಧಿ, ಪ್ರದೇಶ, ಅದರ ಹಿಂದಿನ ಅಗತ್ಯವನ್ನೆಲ್ಲ ತೂಗಿ, ಸಮಂಜಸ ಅನ್ನಿಸಿದರೆ ಷರತ್ತನ್ನು ಎತ್ತಿಹಿಡಿಯುತ್ತಾರೆ. ನಮ್ಮಲ್ಲೂ ಹಾಗೆ ತಿದ್ದುಪಡಿ ಮಾಡಿ ಎಂದು ಕಾನೂನು ಆಯೋಗ 1958ರ ತನ್ನ 13ನೇ ವರದಿಯಲ್ಲಿ ಹೇಳಿತ್ತು. ತಿದ್ದುಪಡಿ ಆಗಲಿಲ್ಲ. ಹಾಗಾಗಿ ‘ಬರೀ ಆರು ತಿಂಗಳು, ಬರೀ ಬೆಂಗಳೂರಿನಲ್ಲಿ’ ಎಂದು ಷರತ್ತನ್ನು ಚಿಕ್ಕದು ಮಾಡಿ ಬರೆದರೂ, ನೌಕರಿ ಮುಗಿದ ಮೇಲಿನ ತಡೆಗೆ ಜೀವ ಬರುವುದಿಲ್ಲ. ಕಾಯ್ದೆಯೇ ಕೊಟ್ಟಿರುವ ವಿನಾಯಿತಿ ವ್ಯಾಪಾರವನ್ನು ಹೆಸರಿನ ಸಮೇತ ಮಾರಿದವರಿಗೆ ಸಂಬಂಧಿಸಿದ್ದು. ಚೆನ್ನಾಗಿ ನಡೆಯುತ್ತಿದ್ದ ಹೋಟೆಲನ್ನು ಹೆಸರು, ಗಿರಾಕಿಗಳ ಸಮೇತ ಮಾರಿ ಹಣ ಪಡೆದವರು ಮರುದಿನ ಎದುರಿಗೇ ಇನ್ನೊಂದು ಹೋಟೆಲ್ ತೆರೆದರೆ ಕೊಂಡವರಿಗೆ ಉಳಿಯುವುದೇನು? ಆದ್ದರಿಂದ ಅಲ್ಲಿ ಸಮಂಜಸವಾದ ತಡೆ ಊರ್ಜಿತ. ಸಂಬಳಕ್ಕೆ ದುಡಿದವರು ಏನನ್ನೂ ಮಾರಿರುವುದಿಲ್ಲ.

ಹಾಗಾದರೆ ಕಂಪನಿಗಳಿಗೆ ಏನೂ ರಕ್ಷಣೆ ಇಲ್ಲವೇ? ಇದೆ. ಅದು ತಿಳಿಯಬೇಕಾದರೆ ಒಂದು ಗೆರೆಯನ್ನು ಗುರುತಿಸಿಕೊಳ್ಳಬೇಕು. ಅದು ಕೆಲಸದ ಕೊನೆಯ ದಿನ.

ಗೆರೆಯ ಈಚೆಗಿನ ಪ್ರಕರಣ 1967ರದು. ಕಲ್ಯಾಣದಲ್ಲಿ ಟೈರ್ ಕಾರ್ಡ್ ನೂಲು ತಯಾರಿಸುತ್ತಿದ್ದ ಸೆಂಚುರಿ ಸ್ಪಿನ್ನಿಂಗ್ ಕಂಪನಿ ವಿದೇಶಿ ಸಂಸ್ಥೆಯೊಂದರಿಂದ ತಂತ್ರಜ್ಞಾನ ಪಡೆದಿತ್ತು. ಅದನ್ನು ಗುಟ್ಟಾಗಿಡುವುದಾಗಿ ಮಾತೂ ಕೊಟ್ಟಿತ್ತು. ಐದು ವರ್ಷದ ಕರಾರಿನ ಮೇಲೆ ತೆಗೆದುಕೊಂಡು ತರಬೇತಿ ಕೊಟ್ಟಿದ್ದ ಶಿಫ್ಟ್ ಸೂಪರ್‌ವೈಸರ್ ಒಬ್ಬರು 1964ರಲ್ಲಿ ಅವಧಿ ಮುಗಿಯುವ ಮೊದಲೇ ಬಿಟ್ಟು ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದರು. ಕರಾರಿನ ಐದು ವರ್ಷ ಮುಗಿಯುವ ತನಕ ಅಂಥ ಬೇರೆ ಕಡೆ ಕೆಲಸ ಮಾಡಬಾರದೆಂಬ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಒಂದು ಕಡೆ ದುಡಿಯುತ್ತೇನೆಂದು ಒಪ್ಪಿಕೊಂಡ ಅವಧಿಯಲ್ಲೇ ಎದುರಾಳಿಗೆ ದುಡಿಯಬೇಡ ಎನ್ನುವುದು ವ್ಯಾಪಾರದ ತಡೆಯಲ್ಲ ಎಂಬುದು ಅದರ ತರ್ಕ. ಆ ತಡೆ ಕರಾರಿನ ಅವಧಿಯನ್ನು ದಾಟಲಿಲ್ಲ.

ಗೆರೆಯ ಆಚೆಗಿನದು 1980ರ ಪ್ರಕರಣ. ಸರಕುಗಳ ಗುಣಮಟ್ಟ ತಪಾಸಣೆ ಮಾಡುವ ಕಲ್ಕತ್ತೆಯ ಕಂಪನಿಯೊಂದು ತನ್ನ ದೆಹಲಿ ಶಾಖೆಯ ಮ್ಯಾನೇಜರನ್ನು 1978ರಲ್ಲಿ ತಾನೇ ಕೆಲಸದಿಂದ ತೆಗೆಯಿತು. ಅವರು ದೆಹಲಿಯಲ್ಲೇ ಅದೇ ಬಗೆಯ ಸ್ವಂತ ಸಂಸ್ಥೆ ಶುರು ಮಾಡಿದರು. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಹಾಗೆ ಮಾಡಬಾರದೆಂಬ ಷರತ್ತು ಹಿಡಿದು ಕಂಪನಿ ಸುಪ್ರೀಂ ಕೋರ್ಟಿನ ತನಕ ಹೋಯಿತು, ಸೋತಿತು. ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು, ‘ಬಿಟ್ಟ ಮೇಲೆ’ ಎಂದರೆ ತಾನಾಗಿ ಬಿಟ್ಟ ಮೇಲೆ, ಕಂಪನಿಯೇ ಹೊರಗೆ ಹಾಕಿದವರಿಗೆ ಅದು ಅನ್ವಯಿಸದು ಎಂದರು. ನ್ಯಾಯಮೂರ್ತಿ ಎ.ಪಿ. ಸೇನ್ ಇನ್ನೂ ಮುಂದೆ ಹೋಗಿ, ನೌಕರಿ ಮುಗಿದ ಮೇಲಿನ ಇಂಥ ತಡೆ 27ನೇ ಕಲಮಿನ ಪ್ರಕಾರ ಶೂನ್ಯವೇ ಎಂದರು. ಮುಂದೆ ನ್ಯಾಯಾಲಯಗಳು ಹಿಡಿದದ್ದು ಈ ದಾರಿಯನ್ನೇ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಜೊತೆಗಿನ ಕರಾರು ಮುಗಿದ ಮೇಲೂ, ಅವರಿಗೆ ಬರುವ ಹೊಸ ಅವಕಾಶವನ್ನು ಮೊದಲು ತನಗೇ ಕೊಡಬೇಕೆಂದು ಹಳೆಯ ಪ್ರಚಾರ ಸಂಸ್ಥೆ ಪಟ್ಟು ಹಿಡಿದಾಗ, ಆ ಷರತ್ತೂ ಇದೇ ಕಲಮಿಗೆ ಬಿತ್ತು.

ಇದರ ಹಿಂದಿನ ಸಾರ್ವಜನಿಕ ನೀತಿ ಸರಳ. ನೇಮಕಾತಿ ಪತ್ರ ಕೈಗೆ ಬರುವಾಗ ಕೆಲಸ ಬೇಕಾಗಿರುವವರು ಷರತ್ತುಗಳ ಬಗ್ಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಇಂದು ಅನಿವಾರ್ಯಕ್ಕೆ ಹಾಕಿದ ಸಹಿ ನಾಳೆಯ ಅನ್ನ ಕಸಿಯಬಾರದು. ಕೈಯಲ್ಲಿ ಕಸುಬಿರುವವರು ಸುಮ್ಮನೆ ಕೂತರೆ ನಷ್ಟ ಅವರೊಬ್ಬರದೇ ಅಲ್ಲ, ಸಮಾಜದ್ದೂ ಹೌದು.

ನನ್ನ ಮಾತು ಇಷ್ಟಕ್ಕೆ ಬಂದಾಗ ಹುಡುಗಿ ಇನ್ನೊಂದು ಹಾಳೆ ತೋರಿಸಿದಳು. “ಇದು ಬಾಂಡ್ ಅಂಕಲ್. ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು ಅಂತಿದೆ.” ಅವಳು ನಾಲ್ಕು ವರ್ಷ ದುಡಿದಿದ್ದರಿಂದ ಅದರ ಭಯವಿರಲಿಲ್ಲ. ಆದರೆ ಜನ ಬಾಂಡನ್ನೂ ಈ ತಡೆಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಅದು ತಪ್ಪು. ಇಂತಿಷ್ಟು ವರ್ಷ ಇಲ್ಲಿ ದುಡಿ, ನಡುವೆ ಬಿಟ್ಟರೆ ನಮ್ಮ ಖರ್ಚು ತುಂಬಿಕೊಡು ಎನ್ನುವ ಬಾಂಡು ನಾಳೆ ಎಲ್ಲಿ ದುಡಿಯಬಾರದು ಎಂದು ಹೇಳುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದ ಉದಾಹರಣೆಯೇ ಇದೆ. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕು ಕನಿಷ್ಠ ಮೂರು ವರ್ಷ ಸೇವೆ, ಇಲ್ಲವೇ ಎರಡು ಲಕ್ಷ ರೂಪಾಯಿ ಎಂಬ ಷರತ್ತಿನ ಮೇಲೆ ಅಧಿಕಾರಿಗಳನ್ನು ನೇಮಿಸಿಕೊಂಡಿತ್ತು. 2007ರಲ್ಲಿ ಸೇರಿದ ಸೀನಿಯರ್ ಮ್ಯಾನೇಜರ್ ಒಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ತಕರಾರು ದಾಖಲಿಸಿ ಹಣ ಕಟ್ಟಿದರು, ಆಮೇಲೆ ಮೊಕದ್ದಮೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಬಹಿರಂಗ ಸ್ಪರ್ಧೆ ನಡೆಸಿಯೇ ಇನ್ನೊಬ್ಬರನ್ನು ತರಬೇಕು, ಅದಕ್ಕೆ ಹಣವೂ ಸಮಯವೂ ಬೇಕು. ಆ ಹುದ್ದೆಯ ಸಂಬಳ ನೋಡಿದರೆ ಎರಡು ಲಕ್ಷ ವಿಪರೀತವಲ್ಲ ಎಂದಿತು. ಹಾಗೆಂದು ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ಸಲ್ಲುತ್ತದೆ ಎಂದಲ್ಲ. ಕರಾರು ಕಾಯ್ದೆಯ 74ನೇ ಕಲಂ ಕೊಡಿಸುವುದು ಸಮಂಜಸ ಪರಿಹಾರವನ್ನು. ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ. ತರಬೇತಿಯನ್ನೇ ಕೊಡದೆ, ಖರ್ಚೇ ಮಾಡದೆ ಹೆದರಿಸಲು ದೊಡ್ಡ ಮೊತ್ತ ಬರೆದಿದ್ದರೆ ಪ್ರಶ್ನಿಸಬಹುದು.

ಕೊನೆಗೆ ನಾನು ಕೇಳಿದ್ದು ಒಂದೇ. “ಅಲ್ಲಿಂದ ಏನಾದ್ರೂ ತಂದಿದೀಯಾ ಮಗಳೇ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೊನೆಯ ವಾರ, ಮುಂದೆ ಬೇಕಾದೀತೆಂದು, ಯಾವ ಆಸ್ಪತ್ರೆಗೆ ಎಷ್ಟು ರಿಯಾಯಿತಿ ಕೊಟ್ಟಿದ್ದಾರೆಂಬ ಬೆಲೆಪಟ್ಟಿಯ ಫೈಲನ್ನು ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದಳಂತೆ. ಇಲ್ಲಿಯವರೆಗೆ ತೆರೆದೂ ನೋಡಿರಲಿಲ್ಲ.

ನೋಟಿಸಿನಲ್ಲಿ ಅವಳು ಹೆದರಿದ್ದು 14ನೇ ಷರತ್ತಿಗೆ. ಅವಳನ್ನು ನಿಜವಾಗಿ ಕಾಡಬಹುದಾಗಿದ್ದು ಈ ಫೈಲು. ಗೋಪ್ಯತೆಯ ಷರತ್ತು ಕೆಲಸದ ಕೊನೆಯ ದಿನಕ್ಕೆ ಸಾಯುವುದಿಲ್ಲ. ನಾಲ್ಕು ವರ್ಷದಲ್ಲಿ ಕಲಿತ ಕೆಲಸ, ಗಿರಾಕಿಯೊಡನೆ ಮಾತಾಡುವ ಬಗೆ, ಯಂತ್ರದ ಬಗೆಗಿನ ತಿಳಿವಳಿಕೆ ಅವಳವು. ಅವನ್ನು ಯಾರೂ ಹಿಂದಕ್ಕೆ ಕೇಳುವಂತಿಲ್ಲ. ಊರಿಗೆಲ್ಲ ಗೊತ್ತಿರುವ ಆಸ್ಪತ್ರೆಗಳ ಹೆಸರು, ಫೋನ್ ನಂಬರ್ ಗುಟ್ಟಲ್ಲ. ಒಳಗಿನ ಬೆಲೆಪಟ್ಟಿ ಮಾತ್ರ ಕಂಪನಿಯದು. ಅದನ್ನು ಬಳಸದಂತೆ ನ್ಯಾಯಾಲಯ ತಡೆಯಬಲ್ಲದು, ನಷ್ಟವನ್ನೂ ಕಟ್ಟಿಸಬಲ್ಲದು.

“ಡಿಲೀಟ್ ಮಾಡಿಬಿಡ್ಲಾ?” ಎಂದಳು. ಬೇಡವೆಂದೆ. ನೋಟಿಸ್ ಬಂದ ಮೇಲೆ ಸದ್ದಿಲ್ಲದೆ ಅಳಿಸಿದರೆ ಸಾಕ್ಷ್ಯ ನಾಶ ಮಾಡಿದಂತೆ ಕಾಣುತ್ತದೆ. ಫೈಲು ಇರುವುದನ್ನು ಉತ್ತರದಲ್ಲೇ ಒಪ್ಪಿಕೊಂಡು, ಬಳಸಿಲ್ಲವೆಂದು ತಿಳಿಸಿ, ಅವರು ಹೇಳಿದ ಹಾಗೆ ಮರಳಿಸಲು ಅಥವಾ ಅಳಿಸಲು ಸಿದ್ಧ ಎನ್ನಬೇಕು. ಅದೇ ಉತ್ತರದಲ್ಲಿ 14ನೇ ಷರತ್ತು 27ನೇ ಕಲಮಿನ ಪ್ರಕಾರ ಶೂನ್ಯವೆಂದೂ ಬರೆಯಬೇಕು. ನೋಟಿಸನ್ನು ಹಾಗೇ ಬಿಡುವುದು ಸರಿಯಲ್ಲ. ಕೆಳಗಿನ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿ, ಮೇಲಿನ ನ್ಯಾಯಾಲಯದಲ್ಲಿ ಅದು ತೆರವಾಗುವ ತನಕ ಕೆಲಸವಿಲ್ಲದೆ ಕೂರಬೇಕಾದ ಪ್ರಸಂಗಗಳಿವೆ. 2025ರಲ್ಲಿ ದೆಹಲಿಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅಂಥ ತಡೆಯನ್ನು ತೆರವು ಮಾಡಿಸಿಕೊಳ್ಳಲು ಹೈಕೋರ್ಟಿಗೇ ಹೋಗಬೇಕಾಯಿತು.

ಆ ರಾತ್ರಿಯೇ ನಾವಿಬ್ಬರೂ ಕೂತು ಎರಡು ಪುಟದ ಉತ್ತರ ಬರೆದೆವು. ಮೊದಲ ಪುಟ ಷರತ್ತಿನ ಬಗ್ಗೆ, ಎರಡನೆಯದು ಫೈಲಿನ ಬಗ್ಗೆ. ಬೆಳಿಗ್ಗೆ ಅದನ್ನು ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿಯನ್ನು ಪರ್ಸಿನಲ್ಲಿಟ್ಟುಕೊಂಡು ಅವಳು ಹೊಸ ಆಫೀಸಿಗೆ ಹೋದಳು.