ತನ್ನೊಡನೆ ತಾನೇ ಆಡುವ ತಂಡ

ಶಾಲೆಯ ಫುಟ್‌ಬಾಲ್ ಪಂದ್ಯಾವಳಿಗೆ ಐದು ತಂಡಗಳು ಹೆಸರು ಕೊಟ್ಟುವೆಂದೂ, ಪ್ರತಿಯೊಂದು ತಂಡವೂ ಉಳಿದ ಎಲ್ಲವುಗಳೊಡನೆ ಒಮ್ಮೊಮ್ಮೆ ಆಡುವಂತೆ ದಿನಕ್ಕೆರಡು ಪಂದ್ಯಗಳ ಲೀಗ್ ಪಟ್ಟಿಯನ್ನು ಸಿದ್ಧಪಡಿಸಹೊರಟಾಗ ನಾಲ್ಕನೆಯ ದಿನಕ್ಕೆ ಬಂದು ಲೆಕ್ಕ ನಿಂತುಹೋಯಿತೆಂದೂ, ಇದು ಬೆಸಸಂಖ್ಯೆಯ ದೋಷವೇ ಆಗಿರಬೇಕೆಂದೂ ದೈಹಿಕ ಶಿಕ್ಷಕರೊಬ್ಬರು ಬರೆದಿದ್ದಾರೆ. ಬೆಸಸಂಖ್ಯೆಗೆ ಅಪಶಕುನದ ಹಣೆಪಟ್ಟಿ ಹಚ್ಚುವ ಈ ಅಭ್ಯಾಸವನ್ನು ನಾವು ಬಿಡಲೇಬೇಕು. ಏಕೆಂದರೆ ಈ ವಿಷಯದಲ್ಲಿ ಬೆಸಸಂಖ್ಯೆಯೇ ನಮಗೆ ಉಪಕಾರಿ.

ಅವರು ಕಳುಹಿಸಿದ ಪಟ್ಟಿಯನ್ನು ನೋಡೋಣ. ಮೊದಲನೆಯ ದಿನ 1ಕ್ಕೂ 4ಕ್ಕೂ, 2ಕ್ಕೂ 5ಕ್ಕೂ ಪಂದ್ಯ. 3ಕ್ಕೆ ಬೈ, ಅಂದರೆ ವಿಶ್ರಾಂತಿ. ಎರಡನೆಯ ದಿನ 1ಕ್ಕೂ 5ಕ್ಕೂ, 3ಕ್ಕೂ 4ಕ್ಕೂ, 2ಕ್ಕೆ ಬೈ. ಮೂರನೆಯ ದಿನ 2ಕ್ಕೂ 4ಕ್ಕೂ, 3ಕ್ಕೂ 5ಕ್ಕೂ, 1ಕ್ಕೆ ಬೈ. ಯಾವ ಪಂದ್ಯವೂ ಎರಡು ಸಲ ಬಂದಿಲ್ಲ, ಯಾವ ತಂಡಕ್ಕೂ ಎರಡು ಸಲ ಬಿಡುವು ದೊರೆತಿಲ್ಲ; ಪಟ್ಟಿ ನಿರ್ದುಷ್ಟವಾಗಿಯೇ ತೋರುತ್ತದೆ. ಆದರೆ ಒಟ್ಟು ಹತ್ತು ಪಂದ್ಯಗಳಲ್ಲಿ ಇನ್ನುಳಿದವು ಯಾವುವೆಂದು ಬರೆದು ನೋಡಿದರೆ 1–2, 1–3, 2–3 ಮತ್ತು 4–5 ಎಂಬ ನಾಲ್ಕೇ ಕಾಣುವುವು. ಇವುಗಳಲ್ಲಿ ಮೊದಲ ಮೂರು ಪಂದ್ಯಗಳು ಮೂರೇ ತಂಡಗಳ ನಡುವಣವಾದುದರಿಂದ ಒಂದು ದಿನಕ್ಕೆ ಒಂದನ್ನಲ್ಲದೆ ಆಡಿಸಲು ಬಾರದು. ಹೀಗಾಗಿ ಐದು ದಿನಗಳ ಕೆಲಸಕ್ಕೆ ಆರು ದಿನಗಳು ಬೇಕಾಗುವುವು. ತಪ್ಪು ನಡೆದುದು ಮೊದಲ ಮೂರು ದಿನಗಳಲ್ಲಿ, ಅದು ಹೊರಗೆ ಕಂಡುದು ನಾಲ್ಕನೆಯ ದಿನ. ಪಟ್ಟಿಯ ನಡುವೆ ಉಳಿದ ಪಂದ್ಯಗಳನ್ನು ಒಮ್ಮೆ ಬರೆದು, ಮೂರು ತಂಡಗಳು ತಮ್ಮತಮ್ಮೊಳಗೇ ಸುತ್ತಿಕೊಂಡಿವೆಯೇ ಎಂದು ಪರೀಕ್ಷಿಸಿದವರಿಗೆ ಈ ಕಂಟಕ ಮೊದಲೇ ಗೋಚರಿಸುವುದು.

ಪಂದ್ಯಗಳನ್ನು ತೋಚಿದಂತೆ ಜೋಡಿಸದೆ ಒಂದು ಕ್ರಮಕ್ಕೆ ಕಟ್ಟುಬಿದ್ದು ನಡೆದರೆ ಈ ತೊಡಕು ಹುಟ್ಟುವುದೇ ಇಲ್ಲ. ವ್ಯಾಯಾಮ ಶಿಕ್ಷಣದ ಕೈಪಿಡಿಗಳಲ್ಲಿ ಬೈಯನ್ನು ಒಂದೆಡೆ ನಿಲ್ಲಿಸಿ ಉಳಿದ ಅಂಕಿಗಳನ್ನು ಸುತ್ತಿಸುವ ಚಕ್ರಪದ್ಧತಿಯುಂಟು. ಅದನ್ನು ಬಲ್ಲವರು ಬಹುಮಂದಿ. ಅದರ ಒಳಗಿನ ತತ್ತ್ವವನ್ನಾದರೋ ಬರಿಯ ಕೂಡುವ ಲೆಕ್ಕದಿಂದ ಹೇಳಬಹುದು. ಎರಡು ತಂಡಗಳ ಅಂಕಿಗಳನ್ನು ಕೂಡಿಸಿ ಐದರಿಂದ ಭಾಗಿಸಿರಿ. ಉಳಿಯುವ ಶೇಷವೇ ಆ ಪಂದ್ಯದ ದಿನ, ಶೇಷ ಸೊನ್ನೆಯಾದರೆ ಐದನೆಯ ದಿನ. 2ಕ್ಕೆ 4 ಕೂಡಿದರೆ 6, ಶೇಷ 1. ಆದುದರಿಂದ ಆ ಪಂದ್ಯ ಮೊದಲನೆಯ ದಿನದ್ದು. 1ಕ್ಕೆ 5 ಕೂಡಿದರೂ ಆರೇ, ಅದೂ ಅಂದೇ. ಹಾಗಾದರೆ 3ರ ಗತಿಯೇನು? ಆ ದಿನ 3ಕ್ಕೆ ಕೂಡಿ 6 ಆಗಬಲ್ಲ ಅಂಕಿ ಮತ್ತೊಂದು ಮೂರೇ. ಎಂದರೆ ಅದರ ಎದುರಾಳಿ ಅದೇ. ತನ್ನೊಡನೆ ತಾನೇ ಆಡಬೇಕಾದ ತಂಡ ಮೈದಾನದ ಹೊರಗೆ ಕುಳಿತುಕೊಳ್ಳುತ್ತದೆ.

ನನ್ನನ್ನು ಬಹುಕಾಲ ಬೆರಗುಗೊಳಿಸಿದ ಸಂಗತಿಯಿದು: ಬೈ ಎಂಬುದು ಹೊರಗಿನಿಂದ ತಂದು ಸೇರಿಸಿದ ಅಪವಾದವಲ್ಲ, ಪಂದ್ಯಗಳನ್ನು ಹುಟ್ಟಿಸಿದ ನಿಯಮವೇ ಬಿಡುವನ್ನೂ ಹುಟ್ಟಿಸುತ್ತದೆ. 1, 2, 3, 4, 5 ಇವುಗಳನ್ನು ಇಮ್ಮಡಿಸಿ ಐದರಿಂದ ಭಾಗಿಸಿದರೆ ಶೇಷಗಳು 2, 4, 1, 3, 0 ಎಂದು ಎಲ್ಲವೂ ಬೇರೆಬೇರೆಯಾಗಿ ಬರುವುದರಿಂದ ಪ್ರತಿಯೊಂದು ತಂಡಕ್ಕೂ ಒಂದೇ ಬಿಡುವು, ಪ್ರತಿಯೊಂದು ದಿನಕ್ಕೂ ಒಂದೇ ತಂಡ. ಬೈಗಳು 3, 1, 4, 2, 5 ಎಂಬ ಅನುಕ್ರಮದಲ್ಲಿ ಬೀಳುವುವು. ಆರು ತಂಡಗಳಿಗೆ ಇದನ್ನೇ ಮಾಡಲು ಹೋದರೆ 1ನ್ನೂ 4ನ್ನೂ ಇಮ್ಮಡಿಸಿದಾಗ ಶೇಷ ಒಂದೇ ಆಗಿ ಎರಡು ತಂಡಗಳು ಒಂದೇ ದಿನ ಹೊರಗುಳಿಯುತ್ತವೆ. ಸರಿಸಂಖ್ಯೆಯಲ್ಲಿ ಮುರಿಯುವ ಕ್ರಮ ಬೆಸಸಂಖ್ಯೆಯಲ್ಲಿ ಚೊಕ್ಕವಾಗಿ ನಿಲ್ಲುತ್ತದೆ. ಇನ್ನೂ ಒಂದು ಅನುಕೂಲವುಂಟು: ತಡವಾಗಿ ಆರನೆಯ ತಂಡವೊಂದು ಬಂದರೆ ದಿನಗಳು ಹೆಚ್ಚಬೇಕಾಗಿಲ್ಲ, ಆಯಾ ದಿನ ಬಿಡುವಿನಲ್ಲಿರುವ ತಂಡದೊಡನೆ ಅದನ್ನು ಆಡಿಸಿದರೆ ಅದೇ ಐದು ದಿನಗಳಲ್ಲಿ ಹದಿನೈದು ಪಂದ್ಯಗಳೂ ಮುಗಿಯುತ್ತವೆ.

ಆದರೆ ಕಡೆಯ ದಿನದ ಬೈ ಮಾತ್ರ ಉಳಿದವುಗಳಂತಲ್ಲ. ಅಂದು ಹೊರಗೆ ಕುಳಿತ ತಂಡದ ಅಂಕಗಳು ಎಲ್ಲರಿಗೂ ತಿಳಿದಿರುತ್ತವೆ. ಆಡುತ್ತಿರುವ ಎರಡು ತಂಡಗಳಿಗೆ ಡ್ರಾ ಸಾಕಾಗಿದ್ದರೆ ಅವು ಒಳಗೊಳಗೇ ಹೊಂದಿಕೊಂಡು ಮೂರನೆಯದನ್ನು ಕೆಡಹಬಹುದು. 2026ರ ವಿಶ್ವಕಪ್ಪಿಗೆ ಮೂರುಮೂರು ತಂಡಗಳ ಹದಿನಾರು ಗುಂಪುಗಳೆಂದು ಮೊದಲು ನಿಶ್ಚಯಿಸಿದ್ದ ಫಿಫಾ, ಇಂಥ ಒಳಒಪ್ಪಂದದ ಆತಂಕವು ಬಲವಾಗಿ ಕೇಳಿಬಂದ ಬಳಿಕ, 2023ರಲ್ಲಿ ಆ ಯೋಜನೆಯನ್ನು ಕೈಬಿಟ್ಟು ನಾಲ್ಕುನಾಲ್ಕರ ಹನ್ನೆರಡು ಗುಂಪುಗಳನ್ನು ಮಾಡಿತು. ಶಾಲೆಯ ಐದು ತಂಡಗಳಿಗೆ ಈ ಅಸಮತೆಯನ್ನು ಪೂರ್ತಿ ನೀಗಿಸುವ ಪಟ್ಟಿ ಯಾವುದೂ ಇಲ್ಲ, ಏಕೆಂದರೆ ಐದು ದಿನಗಳಲ್ಲಿ ಮುಗಿಯುವ ಯಾವ ಪಟ್ಟಿಯಲ್ಲಿಯೂ ಕಡೆಯ ದಿನ ಒಂದು ತಂಡ ಕುಳಿತಿರಲೇಬೇಕು. ಆದುದರಿಂದ ಮೇಷ್ಟರಲ್ಲಿ ನನ್ನ ವಿನಂತಿಯಿಷ್ಟೆ: ದಿನದಿನವೂ ಬೈಗಾಗಿ ಚೀಟಿ ಎತ್ತಬೇಡಿರಿ, ಮೊದಲ ಪಂದ್ಯಕ್ಕೂ ಮುನ್ನ ನಾಯಕರೈವರನ್ನೂ ಕರೆದು, ಯಾವ ತಂಡಕ್ಕೆ ಯಾವ ಅಂಕಿ ಎಂಬುದಕ್ಕೆ ಅವರ ಕೈಯಿಂದಲೇ ಒಮ್ಮೆ ಚೀಟಿ ಎತ್ತಿಸಿ, ಐದರ ಅಂಕಿ ಬಂದವರಿಗೆ ಕಡೆಯ ದಿನದ ಬಿಡುವೆಂಬುದನ್ನು ಅಲ್ಲಿಯೇ ತಿಳಿಸಿ, ಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸಿಬಿಡಿರಿ.