ತಪ್ಪು ಲೆಕ್ಕವನ್ನು ತಿದ್ದುವ ಪತ್ರ

ವಿಡಿಯೋ ಜಾಹೀರಾತನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂದು ತಾನು ಕೊಡುತ್ತಿದ್ದ ಲೆಕ್ಕ ತಪ್ಪಾಗಿತ್ತೆಂದು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡು ತುಂಬುವ ಮೊದಲೇ ಮುಂದೆ ಸರಿದವರನ್ನು ಅದು ಭಾಗಾಕಾರದಿಂದ ಕೈಬಿಟ್ಟಿತ್ತು. ಸರಾಸರಿ ಶೇ 60ರಿಂದ 80ರಷ್ಟು ಉಬ್ಬಿತ್ತೆಂದು ಪಬ್ಲಿಸಿಸ್ ಎಂಬ ಜಾಹೀರಾತು ಏಜೆನ್ಸಿ ತನ್ನ ಗ್ರಾಹಕರಿಗೆ ಬರೆದು ತಿಳಿಸಿತು. ಹಣ ಹೆಚ್ಚಿಗೆ ವಸೂಲಾಗಿಲ್ಲ ಎಂಬುದು ಫೇಸ್‌ಬುಕ್ಕಿನ ಉತ್ತರವಾಗಿತ್ತು. ಆದರೂ ಜಾಹೀರಾತುದಾರರು ಕೋರ್ಟಿಗೆ ಹೋದರು. ತಪ್ಪು ಗೊತ್ತಿದ್ದೂ ಬಹಳ ಕಾಲ ಹೇಳಲಿಲ್ಲ ಎಂಬುದು ಅವರ ಮುಖ್ಯ ದೂರು. ಫೇಸ್‌ಬುಕ್ ಅದನ್ನು ಒಪ್ಪಲಿಲ್ಲ. 2019ರಲ್ಲಿ ಮೊಕದ್ದಮೆ 4 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು.

ಇಂಥ ತಪ್ಪು ಸಣ್ಣ ಏಜೆನ್ಸಿಗಳಲ್ಲೂ ಆಗುತ್ತದೆ. ಆಗ ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ಏನಿರಬೇಕು? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಆನ್‌ಲೈನಿನಲ್ಲಿ ಸೀರೆ ಮಾರುವ ಒಂದು ಅಂಗಡಿ ಮೂರು ತಿಂಗಳಲ್ಲಿ ಜಾಹೀರಾತಿಗೆ 2,40,000 ರೂಪಾಯಿ ಹಾಕಿದೆ ಎಂದುಕೊಳ್ಳಿ. 800 ಆರ್ಡರ್ ಬಂದಿವೆ, ಒಂದು ಆರ್ಡರಿಗೆ 300 ರೂಪಾಯಿ ಖರ್ಚಾಗಿದೆ ಎಂದು ಏಜೆನ್ಸಿ ವರದಿ ಕೊಟ್ಟಿತ್ತು. ಮೂರನೇ ತಿಂಗಳ ಕೊನೆಗೆ ಅಂಗಡಿಯ ಆರ್ಡರ್ ಪಟ್ಟಿಯ ಜೊತೆ ತಾಳೆ ನೋಡಿದಾಗ ಜಾಹೀರಾತಿನಿಂದ ಬಂದ ಆರ್ಡರ್‌ಗಳು ಸಿಕ್ಕಿದ್ದು 600 ಮಾತ್ರ.

ಉಳಿದ 200 ಎಲ್ಲಿಂದ ಬಂದವು? ಹಣ ಕಟ್ಟಿದ ಮೇಲೆ ಗ್ರಾಹಕರಿಗೆ ‘ಧನ್ಯವಾದ’ ಎನ್ನುವ ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ಕೂರಿಸಿದ ಎಣಿಕೆಯ ಕೋಡ್, ಪುಟ ತೆರೆದಾಗಲೆಲ್ಲ ಒಂದು ಆರ್ಡರ್ ಎಂದು ಬರೆದುಕೊಳ್ಳುತ್ತದೆ. ಸೀರೆ ಎಲ್ಲಿಗೆ ಬಂತೆಂದು ನೋಡಲು ಅದೇ ಪುಟವನ್ನು ಮತ್ತೆ ತೆರೆದವರೆಲ್ಲ ಹೊಸ ಗಿರಾಕಿಗಳಾಗಿ ಲೆಕ್ಕಕ್ಕೆ ಸೇರಿದ್ದರು.

‘800 ಅಲ್ಲ, 600, ಆರ್ಡರಿಗೆ 300 ಅಲ್ಲ, 400 ರೂಪಾಯಿ’ ಎಂದು ತಿದ್ದಿ ಕ್ಷಮೆ ಕೇಳಿದರೆ ಪತ್ರ ಮುಗಿದಂತೆ ಕಾಣುತ್ತದೆ. ಆದರೆ ಮುಗಿದಿರುವುದಿಲ್ಲ. ಅಂಗಡಿ ನಡೆಸುತ್ತಿದ್ದದ್ದು ಎರಡು ಜಾಹೀರಾತು. ಹಬ್ಬದ ಮುಂಗಡ ಬುಕಿಂಗಿನ ಜಾಹೀರಾತಿಗೆ 1,40,000 ರೂಪಾಯಿ ಖರ್ಚಾಗಿತ್ತು, 500 ಆರ್ಡರ್ ತೋರಿಸಿತ್ತು: ತಲಾ 280 ರೂಪಾಯಿ. ದಿನಬಳಕೆಯ ಹತ್ತಿ ಸೀರೆಯ ಜಾಹೀರಾತಿಗೆ 1,00,000 ರೂಪಾಯಿ, 300 ಆರ್ಡರ್: ತಲಾ ಸುಮಾರು 333. ಮಾಲೀಕರು ಸಹಜವಾಗಿ ಮೊದಲನೆಯದಕ್ಕೆ ಹೆಚ್ಚು ಹಣ ಹಾಕಲು ಒಪ್ಪಿದ್ದರು.

ಮುಂಗಡ ಬುಕಿಂಗಿನವರು ವಾರಗಟ್ಟಲೆ ಕಾಯಬೇಕಾದ್ದರಿಂದ ಆ ಪುಟವನ್ನು ಮತ್ತೆ ಮತ್ತೆ ತೆರೆದಿದ್ದರು. ನಿಜವಾದ ಆರ್ಡರ್ ಅದರಲ್ಲಿ 340, ಹತ್ತಿ ಸೀರೆಯಲ್ಲಿ 260. ಹಾಗಾಗಿ ಖರ್ಚು ಮೊದಲನೆಯದಕ್ಕೆ ತಲಾ ಸುಮಾರು 412, ಎರಡನೆಯದಕ್ಕೆ 385 ರೂಪಾಯಿ. ಅಗ್ಗವೆಂದು ಕಂಡದ್ದೇ ದುಬಾರಿಯಾಗಿತ್ತು. ಎರಡರಲ್ಲೂ ತಪ್ಪು ಒಂದೇ ಪ್ರಮಾಣದಲ್ಲಿದ್ದಿದ್ದರೆ ಯಾವುದು ಮೇಲು ಎಂಬ ತೀರ್ಮಾನವಾದರೂ ಉಳಿಯುತ್ತಿತ್ತು; ಇಲ್ಲಿ ಅದೇ ತಲೆಕೆಳಗಾಯಿತು. ಆದ್ದರಿಂದ ಒಟ್ಟು ಮೊತ್ತದ ಜೊತೆಗೆ, ತಪ್ಪು ಅಂಕಿಯನ್ನು ನಂಬಿ ಯಾವ ಯಾವ ನಿರ್ಧಾರ ಮಾಡಲಾಯಿತು ಎಂಬುದನ್ನೂ ಪತ್ರ ಒಂದೊಂದಾಗಿ ತಿದ್ದಬೇಕು. ಅದರ ಆರಂಭ ಹೀಗಿರಬಹುದು:

‘ಮಾನ್ಯರೇ, ಕಳೆದ ಮೂರು ತಿಂಗಳು ನಾವು ಕೊಟ್ಟ ಆರ್ಡರ್ ಸಂಖ್ಯೆ ತಪ್ಪಾಗಿತ್ತು. 800 ಎಂದಿದ್ದೆವು, ನಿಜವಾದದ್ದು 600. ಕೋಡ್ ಕೂರಿಸಿದ್ದು ನಾವೇ, ತಪ್ಪೂ ನಮ್ಮದೇ. ನಮ್ಮ ವರದಿ ನಂಬಿ ನೀವು ಹಬ್ಬದ ಜಾಹೀರಾತಿಗೆ ಹಣ ಹೆಚ್ಚಿಸಿದಿರಿ. ಆ ಏರಿಕೆಯನ್ನು ತಡೆಹಿಡಿಯಬೇಕೆಂದು ನಮ್ಮ ಸಲಹೆ. ಜಾಹೀರಾತಿನ ಖರ್ಚಿನ ಮೊತ್ತ, ನಿಮ್ಮ ಬ್ಯಾಂಕಿಗೆ ಬಂದ ಹಣ ಇವುಗಳಲ್ಲಿ ವ್ಯತ್ಯಾಸವಿಲ್ಲ. ಆರ್ಡರಿಗೆ 50 ರೂಪಾಯಿಯಂತೆ ನಾವು ಪಡೆದ ಶುಲ್ಕದಲ್ಲಿ 10,000 ರೂಪಾಯಿ ನಿಮಗೆ ಹಿಂದಿರುಗಬೇಕು.’

ಕ್ಷಮೆ ಇದರ ನಂತರ ಬರಲಿ. ತಪ್ಪು ಯಾವ ದಿನ ಶುರುವಾಯಿತು, ಯಾವ ದಿನ ಕಂಡಿತು ಎಂಬ ಎರಡು ತಾರೀಖುಗಳೂ ಇರಲಿ. ಕಂಡ ದಿನಕ್ಕೂ ಪತ್ರದ ದಿನಕ್ಕೂ ನಡುವಿನ ಅಂತರವನ್ನು ಗ್ರಾಹಕರು ಖಂಡಿತ ನೋಡುತ್ತಾರೆ. ಪೂರ್ತಿ ಲೆಕ್ಕಕ್ಕೆ ಇನ್ನೂ ಸಮಯ ಬೇಕಿದ್ದರೆ, ತಪ್ಪಾಗಿದೆ ಎಂಬಷ್ಟನ್ನು ಮೊದಲು ತಿಳಿಸಿ ಅಂಕಿಗಳನ್ನು ಆಮೇಲೆ ಕಳಿಸಬಹುದು.

ಇನ್ನು ಮುಂದಿನ ಎಚ್ಚರಿಕೆ. ‘ಹೆಚ್ಚು ಜಾಗ್ರತೆ ವಹಿಸುತ್ತೇವೆ’ ಎಂಬ ಮಾತನ್ನು ಗ್ರಾಹಕರು ಪರೀಕ್ಷಿಸಿ ನೋಡಲಾಗದು. ಪ್ರತಿ ಎಣಿಕೆಯ ಜೊತೆ `transaction_id` ಎಂಬ ಆರ್ಡರ್ ಗುರುತು ಕಳಿಸಿದರೆ ಗೂಗಲ್ ಜಾಹೀರಾತು ವ್ಯವಸ್ಥೆ ಅದೇ ಆರ್ಡರನ್ನು ಎರಡನೇ ಸಲ ಎಣಿಸುವುದಿಲ್ಲ. ಕೋಡ್ ಬದಲಿಸಿದಾಗಲೆಲ್ಲ ಒಂದು ಪರೀಕ್ಷಾ ಆರ್ಡರ್ ಹಾಕಿ, ಆ ಪುಟವನ್ನು ಮೂರು ಸಲ ತೆರೆದು, ಲೆಕ್ಕ ಒಂದರಲ್ಲೇ ನಿಂತಿದೆಯೇ ಎಂದು ನೋಡಬಹುದು. ಆದರೆ ಒಂದೇ ಆರ್ಡರ್ ಎರಡು ಸಲ ಸೇರುವುದನ್ನಷ್ಟೇ ಈ ಗುರುತು ತಡೆಯುತ್ತದೆ. ರದ್ದಾದ ಆರ್ಡರ್, ಹಿಂದಿರುಗಿದ ಸೀರೆ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಅಂಗಡಿಯ ಪಟ್ಟಿಯೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಶೇ 5 ದಾಟಿದರೆ, ಕಾರಣ ಸಿಗುವವರೆಗೆ ವರದಿ ಹೊರಗೆ ಹೋಗಬಾರದು. ತಾಳೆ ನೋಡುವವರು ವರದಿ ಬರೆದವರಲ್ಲದೆ ಬೇರೆಯವರಾಗಿರಬೇಕು.

ಆ ತಾಳೆಪಟ್ಟಿ ಪ್ರತಿ ವರದಿಯ ಜೊತೆಗೇ ಮಾಲೀಕರ ಕೈ ಸೇರಲಿ. ತಮ್ಮ ಆರ್ಡರ್ ಪುಸ್ತಕ ಬಿಡಿಸಿ ಅವರೇ ಹೋಲಿಸಿ ನೋಡಬಹುದು. ಇಂಥ ತಪ್ಪು ಮತ್ತೆ ನುಸುಳಿದರೆ ಮೂರು ತಿಂಗಳು ಕಾಯದೆ ಒಂದೇ ವಾರದಲ್ಲಿ ಸಿಕ್ಕಿಬೀಳುತ್ತದೆ.